ನರ್ಮದಾ ವೈನಿಯ ಮೂರು ದಿನ

ನಮ್ಮಣ್ಣ ರಾಮಚಂದ್ರಾಚಾರ್ಯ ಮಕ್ತಲದ ಒಂದು ಓಣಿಯ ಪ್ರಾಣದೇವರ ಗುಡಿಯಲ್ಲಿ ಅರ್ಚಕ. ಅವನ ಕೈಯ ಹೆಸರುಬೇಳೆ ಹುಗ್ಗಿ ತಿಂದವರು ದೇವರನ್ನು ಮರೆತರೂ ಹುಗ್ಗಿಯನ್ನು ಮರೆಯುವುದಿಲ್ಲ. ಆರಾಧನೆಗೆ ಮುನ್ನೂರು ಎಲೆ ಬಿದ್ದರೂ ಅವನ ಸಾರಿನಲ್ಲಿ ಉಪ್ಪು ಹೆಚ್ಚುಕಡಿಮೆ ಆದದ್ದಿಲ್ಲ. ಅದೇ ಮನುಷ್ಯ ಮನೆಗೆ ಬಂದು ಪಡಸಾಲೆಯಲ್ಲಿ ಕೂತನೆಂದರೆ, ಕೈಚಾಚಿದರೆ ಸಿಗುವ ತಂಬಿಗೆಯ ನೀರಿಗೂ "ನರ್ಮದಾ" ಎಂದು ಕೂಗುತ್ತಾನೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ಮುಖಕ್ಕೇ ಹೇಳಿದ್ದೇನೆ. ತಂಗಿಯಾದ್ದರಿಂದ ನಡೆದುಹೋಗುತ್ತದೆ.

ನರ್ಮದಾ ಅವನ ಹೆಂಡತಿ, ನನ್ನ ವೈನಿ. ಹೊತ್ತು ಹುಟ್ಟುವ ಮುಂಚೆ ಎದ್ದು, ಸ್ನಾನ ಮಾಡಿ, ಮಡಿಸೀರೆ ಉಟ್ಟು ಒಲೆಯ ಮುಂದೆ ನಿಂತವಳು ರಾತ್ರಿ ಅಡುಗೆಮನೆ ತೊಳೆದ ಮೇಲೇ ಬೆನ್ನು ಚಾಚುವುದು. ಮಾಡುವ ಕೆಲಸವಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ಕೆಲಸ ಅದಕ್ಕಿಂತ ದೊಡ್ಡದು. ತೊಗರಿಬೇಳೆ ಯಾವಾಗ ಮುಗಿಯುತ್ತದೆ, ಏಕಾದಶಿ ಯಾವತ್ತು, ಅಮ್ಮನ ಬಿ.ಪಿ. ಗುಳಿಗೆ ಇನ್ನೆಷ್ಟು ಉಳಿದಿದೆ, ನಾಳೆ ಯಾವ ಪಲ್ಯ, ಇದೆಲ್ಲ ಅವಳ ತಲೆಯೊಳಗೆ ಸದಾ ಕುದಿಯುತ್ತಿರುತ್ತದೆ. ಆ ಒಲೆಯನ್ನು ಆರಿಸುವವರೇ ಇರಲಿಲ್ಲ.

ಅವಳಿಗೆ ತಿಂಗಳಿಗೆ ಮೂರು ದಿನ ಮಾತ್ರ ಬಿಡುವು. ನಮ್ಮ ಮನೆಯಲ್ಲಿ ಮುಟ್ಟಾದವರು ಹೊರಗಿನ ಕೋಣೆಯಲ್ಲಿ ಕೂಡುವ ಪದ್ಧತಿ. ಆ ಪದ್ಧತಿ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮದುವೆಯಾಗಿ ಗದ್ವಾಲಕ್ಕೆ ಹೋದ ದಿನವೇ ನಾನು ಅದನ್ನು ಬಿಟ್ಟೆ. ಆದರೆ ವೈನಿಗೆ ಸಿಗುತ್ತಿದ್ದ ಒಂದೇ ರಜೆ ಆ ಅವಮಾನದ ಬಾಗಿಲಿನಿಂದಲೇ ಬರುತ್ತಿತ್ತು. ಆ ಮೂರು ದಿನ ಅಣ್ಣ ಅಡುಗೆ ಮಾಡುತ್ತಿದ್ದ. ವೈನಿ ಬಿಸಿಲು ಬೀಳುವವರೆಗೆ ಮಲಗುತ್ತಿದ್ದಳು, ಪಕ್ಕದ ಮನೆಯ ನೇಕಾರರ ಭೀಮಮ್ಮನ ಜತೆ ಚೌಕಾಬಾರ ಆಡುತ್ತಿದ್ದಳು. ಪೂರ್ತಿ ರಜೆ ಅದೂ ಅಲ್ಲ. ಒಳಗಿನಿಂದ ಕೂಗು ಬರುತ್ತಲೇ ಇರುತ್ತಿತ್ತು.

"ನರ್ಮದಾ, ಇಂಗಿನ ಡಬ್ಬಿ ಎಲ್ಲದ?"

"ಎರಡನೇ ಗೂಡಿನಾಗ, ಅರಿಷಿಣದ ಹಿಂದ."

ಐವತ್ತೊಂದಕ್ಕೆ ವೈನಿಯ ಮುಟ್ಟು ನಿಂತಿತು. ಅಮ್ಮನಿಗೆ ಹಿಗ್ಗೋ ಹಿಗ್ಗು. "ಇನ್ನ ತಿಂಗಳಿಡೀ ಮಡಿಗೆ ಒದಗ್ತಾಳ" ಎಂದು ಬಂದವರಿಗೆಲ್ಲ ಹೇಳಿದಳು. ಅಣ್ಣ ಸೌಟು ಕೆಳಗಿಟ್ಟವನು ಮತ್ತೆ ಎತ್ತಲಿಲ್ಲ. ಯಾರೂ ಕೆಟ್ಟವರಲ್ಲ, ಯಾರಿಗೂ ಹೊಳೆಯಲೂ ಇಲ್ಲ, ಅಷ್ಟೇ. ವೈನಿಯ ಮೂರು ದಿನ ಹೇಳದೆ ಕೇಳದೆ ಹೋದವು.

ಮುಂದಿನ ವರ್ಷ ಶಾಲೆಗೆ ದಸರಾ ರಜೆ ಬಿಟ್ಟಾಗ ನಾನು ಮಕ್ತಲಕ್ಕೆ ಹೋದೆ. ನಾನು ಗದ್ವಾಲದಲ್ಲಿ ಟೀಚರು. ನೋಡಿದರೆ ವೈನಿ ಹೊರಗಿನ ಕೋಣೆಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಾಳೆ. ಅಡುಗೆಮನೆಯಲ್ಲಿ ಒಲೆ ಹೊತ್ತಿಲ್ಲ. ಅಮ್ಮ ಗಾಬರಿಯಾಗಿ ಹೊಸ್ತಿಲ ಒಳಗೆ ನಿಂತಿದ್ದಳು.

"ಮತ್ತ ಯಾಕ ಹೊರಗ ಕೂತಿ? ಏನಾತು?"

"ಏನೂ ಆಗಿಲ್ರೀ ಅತ್ಯಾ. ಸುಮ್ಮನ ಕೂತೀನಿ. ಮೂರು ದಿನ ಕೂಡ್ತೀನಿ."

ಗುಡಿಯಿಂದ ಬಂದ ಅಣ್ಣನಿಗೂ ತಿಳಿಯಲಿಲ್ಲ. "ರಾಯಚೂರಿಗೆ ಹೋಗಿ ಡಾಕ್ಟರಿಗೆ ತೋರಿಸೋಣೇನು?" ಎಂದ.

"ನಾ ಆರಾಮಿದ್ದೀನ್ರಿ. ಮುಟ್ಟು ಹೋತು. ಅದರ ಜೋಡಿ ನನ್ನ ಮೂರು ದಿನಾನೂ ಯಾಕ ಹೋಗಬೇಕು? ಅವು ನನಗ ತಿರುಗಿ ಬೇಕು."

"ಅದು ಶಾಸ್ತ್ರಕ್ಕ ಕೂಡ್ತಿದ್ದಿ. ಈಗೇನದ?"

"ಶಾಸ್ತ್ರಕ್ಕ ಕೂಡ್ತಿದ್ದೆ ಖರೆ. ದಣಿವಾಗಿದ್ದು ಶಾಸ್ತ್ರಕ್ಕಲ್ಲ, ನನಗ."

ನನಗೆ ಖುಷಿಯಿಂದ ಕುಣಿಯುವಂತಾಯಿತು. ಬಾಯಿಗೆ ಸೆರಗು ಒತ್ತಿಕೊಂಡೆ. ಅಣ್ಣ ಪಂಚೆ ಸೊಂಟಕ್ಕೆ ಬಿಗಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆಲ್ಲ ಶುರುವಾಯಿತು. ಸಾಸಿವೆ ಎಲ್ಲಿ, ಹುಣಸೆಹಣ್ಣು ಎಷ್ಟು, ಅಮ್ಮನ ಗುಳಿಗೆ ಊಟಕ್ಕೆ ಮುಂಚೆಯೋ ಆಮೇಲೋ. ಕಟ್ಟೆಯ ಮೇಲೆ ಕೂತು ನೂಲಿನ ಸಿಕ್ಕು ಬಿಡಿಸುತ್ತಿದ್ದ ಭೀಮಮ್ಮ ನಕ್ಕಳು.

"ಸ್ವಾಮೇರು ಅಡಿಗಿ ಮಾಡಾಕ ಹತ್ಯಾರ ಅಂತೀರಿ. ಮಾಡಾಕ ಹತ್ತಿದವರು ನೀವೇ ಅದೀರಿ ನೋಡ್ರಿ ಅಮ್ಮಾ, ಇಲ್ಲಿ ಕೂತು."

ಅದು ವೈನಿಗೆ ನಾಟಿತು. ಊಟವಾದ ಮೇಲೆ ಅಣ್ಣನನ್ನು ಕರೆದು ಎದುರಿಗೆ ಕೂಡಿಸಿಕೊಂಡಳು. ಅಣ್ಣ ದೊಡ್ಡ ಮನಸ್ಸು ಮಾಡಿದವನಂತೆ, "ಆತು, ದಿನಾ ಸ್ವಲ್ಪ ಸಹಾಯ ಮಾಡ್ತೀನಿ" ಎಂದ.

"ಸಹಾಯ ಬ್ಯಾಡ್ರಿ. ಸಹಾಯ ಅಂದ್ರ ಕೆಲಸ ನಂದೇ, ನೀವು ಕೈ ಹಚ್ಚಿದಂಗ. ಗುಡಿಯೊಳಗ ಕರ್ಪೂರ ಎಲ್ಲದ ಅಂತ ಯಾರನ್ನರ ಕೇಳ್ತೀರೇನು?"

"ಯಾಕ ಕೇಳ್ಲಿ? ಗುಡಿ ನಂದು."

"ಮತ್ತ ಮನಿ ಯಾರದು?"

ಅಣ್ಣ ಮೊಂಡ ಹೌದು, ಸುಳ್ಳುಗಾರನಲ್ಲ. "ನಮ್ಮಿಬ್ಬರದು" ಎಂದ ಕೊನೆಗೆ.

ಅವತ್ತು ನಡೆದ ಮಾತುಕತೆಯನ್ನು ಹೊಲ ಹಂಚಿಕೊಳ್ಳುವ ಅಣ್ಣತಮ್ಮಂದಿರೂ ನಡೆಸಲಾರರು. ಮುಂಜಾನೆಯ ಅಡುಗೆ ಪೂರ್ತಿ ಅಣ್ಣನದು. ಪೂರ್ತಿ ಎಂದರೆ ಏನು ಮಾಡಬೇಕೆಂದು ಯೋಚಿಸುವುದು, ಸಾಮಾನು ಮುಗಿಯುವ ಮುಂಚೆ ತರುವುದು, ಮಾಡುವುದು, ಒಲೆ ಒರೆಸುವುದು. ಅಮ್ಮನ ಗುಳಿಗೆಯೂ ಅವನದೇ. ಸಂಜೆಯ ಅಡುಗೆ, ಅಮ್ಮನ ಸ್ನಾನ, ಬಟ್ಟೆ ವೈನಿಯದು. ತಿಂಗಳಿಗೆ ಮೂರು ದಿನ ಎಲ್ಲವೂ ಅಣ್ಣನ ಪಾಲು, ಅಮ್ಮನ ಸ್ನಾನಕ್ಕೆ ಮಾತ್ರ ಭೀಮಮ್ಮ ಬರುವುದು. ಅಮಾವಾಸ್ಯೆಗೊಮ್ಮೆ ಇಬ್ಬರೂ ಕೂತು ಯಾವುದು ಯಾರಿಗೆ ಭಾರವಾಯಿತು ಎಂದು ಮಾತಾಡುವುದು. ಅಣ್ಣನೂ ಒಂದು ಷರತ್ತು ಹಾಕಿದ.

"ನನ್ನ ಹೊತ್ತಿನಾಗ ನೀ ಒಳಗ ಬಂದು ಇದು ಹಂಗಲ್ಲ, ಹಿಂಗ ಅನ್ನಬಾರದು."

ವೈನಿ ಒಪ್ಪಿದಳು. ಒಪ್ಪಿದ್ದೇ ಕಷ್ಟವಾಯಿತು. ಮರುದಿನ ಅಣ್ಣ ಗುಡಿಯ ಅಂದಾಜಿನಲ್ಲಿ ಸಾರು ಮಾಡಿಬಿಟ್ಟ. ನಾಲ್ಕು ಜನಕ್ಕೆ ಒಂದು ಕೊಳಗ ಸಾರು. ಮುನ್ನೂರು ಜನಕ್ಕೆ ಲೆಕ್ಕ ಗೊತ್ತಿದ್ದವನಿಗೆ ನಾಲ್ಕು ಜನದ ಲೆಕ್ಕ ಗೊತ್ತಿರಲಿಲ್ಲ. ಕೊನೆಗೆ ಓಣಿಯವರೆಲ್ಲ ತಂಬಿಗೆ ಹಿಡಿದುಕೊಂಡು ಬಂದರು. ಡಬ್ಬಿಗಳ ಮುಚ್ಚಳಗಳು ತೆರೆದೇ ಇದ್ದವು. ವೈನಿಯ ಕೈ ತುರಿಸುತ್ತಿತ್ತು. ನಾನು ಅವಳ ತೋಳು ಹಿಡಿದುಕೊಂಡೇ ಕೂತಿದ್ದೆ.

"ವೈನಿ, ಇಲ್ಲಿದ್ರ ನೀ ಒಳಗ ಹೋಗೋದು ಗ್ಯಾರಂಟಿ. ನನ್ನ ಜೋಡಿ ಗದ್ವಾಲಕ್ಕ ನಡಿ" ಎಂದೆ. ಹೆಂಗಸರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡೂ ಇಲ್ಲ, ಆಧಾರ್ ತೋರಿಸಿದರೆ ಮುಗಿಯಿತು. ಕೈಚೀಲ ಹಿಡಿದು ಹೊರಟೇಬಿಟ್ಟಳು. ಮನೆ, ಅತ್ತೆ, ಒಲೆ ಎಲ್ಲ ಬಿಟ್ಟು, ಮದುವೆ ಮುಂಜಿಗಲ್ಲದೆ, ಬರೀ ತನಗೋಸ್ಕರ ಅವಳು ಬಸ್ಸು ಹತ್ತಿದ್ದು ಅದೇ ಮೊದಲು.

ಜೂರಾಲ ಅಣೆಕಟ್ಟಿನ ನೀರು ಕಾಣುವ ಹೊತ್ತಿಗೆ ಅವಳ ಫೋನು ರಿಂಗಾಗತೊಡಗಿತು. ಅಣ್ಣ. ವೈನಿ ಫೋನನ್ನೂ ನನ್ನನ್ನೂ ನೋಡಿದಳು.

"ಎತ್ತಲೇನು, ಕೃಷ್ಣಪ್ರಿಯಾ?"

"ಅಮ್ಮನಿಗೆ ಏನರ ಆಗಿದ್ರ ಭೀಮಮ್ಮ ನನಗ ಮಾಡ್ತಾಳ. ಇದು ಡಬ್ಬಿ ಹುಡುಕೋ ಫೋನು."

ಎತ್ತಿದರೆ ಆ ಮೂರು ದಿನ ಮತ್ತೆ ಹೋದವೆಂದೇ ಲೆಕ್ಕ. ಅದು ಅವಳಿಗೂ ಗೊತ್ತಿತ್ತು. ಫೋನನ್ನು ಚೀಲದೊಳಗೆ ಹಾಕಿ, ಮೇಲೆ ಟವೆಲ್ ಮುಚ್ಚಿ, ಕಿಟಕಿಯ ಕಡೆ ತಿರುಗಿ ಕೂತಳು. ಅದು ಒಳಗೇ ರಿಂಗಾಗಿ ರಿಂಗಾಗಿ ಸುಮ್ಮನಾಯಿತು. ವೈನಿಯ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ನಮ್ಮ ಮನೆಯಲ್ಲಿ ರೊಟ್ಟಿ ನನ್ನದು, ಪಾತ್ರೆ ನನ್ನ ಗಂಡ ಹರಿಕೃಷ್ಣನದು. ಅವರು ಪಾತ್ರೆ ತಿಕ್ಕುವುದನ್ನು ವೈನಿ ನಾಟಕ ನೋಡುವವರ ಹಾಗೆ ನೋಡಿದಳು. ಮಲಗಿದಳು, ಎದ್ದಳು, ಮತ್ತೆ ಮಲಗಿದಳು. ನೇಕಾರರ ಓಣಿಗೆ ಹೋಗಿ ಸೀರೆ ಮುಟ್ಟಿ ಮುಟ್ಟಿ ನೋಡಿ ಬಂದಳು. ಬಿಸಿ ಅನ್ನ ಅವಳ ತಾಟಿಗೆ ಬೇರೆಯವರ ಕೈಯಿಂದ ಬಿತ್ತು.

ಕೊನೆಯ ದಿನ ಭೀಮಮ್ಮ ಫೋನು ಮಾಡಿ ನನಗೆ ಸುದ್ದಿ ಮುಟ್ಟಿಸಿದಳು. ನಾವು ಹೊರಟ ದಿನ ಅಣ್ಣ ಕಾಯಿಪಲ್ಲೆಯ ಚೀಲ ಹಿಡಿದು ಬರುವಾಗ ಮಹಾಂತಮ್ಮ ಎಂಬ ಭಕ್ತೆ, "ಅಮ್ಮಾರಿಗೆ ಮೈಯಾಗ ಆರಾಮಿಲ್ಲೇನ್ರಿ ಸ್ವಾಮಿ?" ಎಂದು ಕೇಳಿದಳಂತೆ. ಅಣ್ಣ ನಾಚಿ, "ಹೂಂ, ಸ್ವಲ್ಪ" ಎಂದನಂತೆ.

"ಇವತ್ತು ಆಕಿ ಮತ್ತ ಕೇಳಿದಳ್ರಿ. ಸ್ವಾಮೇರು ಅಲ್ಲೇ ನಿಂತು, ಆಕಿ ಆರಾಮಿದ್ದಾಳವ್ವ, ಊರಿಗೆ ಹೋಗ್ಯಾಳ, ಮನ್ಯಾಗ ಇದು ನನ್ನ ಕೆಲಸ, ಅಂದ್ರು. ಓಣಿ ಮಂದಿ ಎಲ್ಲಾ ಕೇಳಿತು."

ನಾನು ವೈನಿಗೆ ಹೇಳಿದೆ. ಅವಳು ಹಣೆಯ ಕುಂಕುಮ ಸರಿಮಾಡಿಕೊಂಡು, "ಬಸ್ಸು ಎಷ್ಟಕ್ಕದ?" ಎಂದಳು.

ನಾನೂ ಜತೆಗೆ ಹೋದೆ. ಮನೆ ಕೆಟ್ಟಿರಲಿಲ್ಲ. ಅಮ್ಮ ಮುಖ ಬಿಗಿದುಕೊಂಡೇ ಇದ್ದಳು, ಆದರೆ ಎರಡನೇ ಸಲ ತೊವ್ವೆ ಹಾಕಿಸಿಕೊಳ್ಳುವುದನ್ನು ನಾನು ನೋಡಿದೆ. "ನಿಮ್ಮಪ್ಪ ನನಗ ಒಂದು ದಿನಾನೂ ಬಡಿಸಲಿಲ್ಲ" ಎಂದು ತಾಟು ನೋಡುತ್ತ ಅಂದಳು. ಅಣ್ಣ ಇನ್ನೊಂದು ಸೌಟು ಹಾಕಿದ. ಸಾರು ನಾಲ್ಕು ಜನಕ್ಕೆ ಸರಿಯಾಗಿ ಸಾಲುವಷ್ಟಿತ್ತು.

"ಉಪ್ಪು ಸ್ವಲ್ಪ ಬೇಕಾಗಿತ್ತು" ಎಂದಳು ಅಮ್ಮ.

ಉಪ್ಪು ತರಲು ಹೊರಟ ಅಣ್ಣನನ್ನು ತಡೆದು, "ನೀವು ಬಡಿಸ್ರಿ, ನಾ ತರ್ತೀನಿ" ಎಂದು ವೈನಿ ಎದ್ದು ಒಳಗೆ ಹೋದಳು. ಎಂದಿನ ಗೂಡಿಗೆ ಕೈ ಹಾಕಿದ ಸಪ್ಪಳ ಕೇಳಿತು. ಆಮೇಲೆ ಇನ್ನೊಂದು ಗೂಡು. ಡಬ್ಬಿ ಸರಿಸಿದ್ದು ಕೇಳಿತು. ಮತ್ತೆ ಏನೂ ಕೇಳಲಿಲ್ಲ. ಮೂವತ್ತು ವರ್ಷ ಅವಳೊಬ್ಬಳೇ ಜೋಡಿಸಿಟ್ಟ ಅಡುಗೆಮನೆ ಅದು. ಕೋಪ ಬಂತೇನೋ ಎಂದು ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಅಣ್ಣನ ಸೌಟೂ ನಿಂತಿತು.

"ರೀ," ಒಳಗಿನಿಂದ ವೈನಿ ಕೂಗಿದಳು. ದನಿಯಲ್ಲಿ ನಗು ತುಂಬಿತ್ತು. "ಉಪ್ಪಿನ ಡಬ್ಬಿ ಎಲ್ಲದ?"

ಅಣ್ಣ ನಮ್ಮನ್ನೆಲ್ಲ ಒಂದು ಸಲ ನೋಡಿ, ಗಂಟಲು ಸರಿಮಾಡಿಕೊಂಡು ಹೇಳಿದ.

"ಮೂರನೇ ಗೂಡಿನಾಗ, ಬೆಲ್ಲದ ಹಿಂದ."