ಎಪ್ಪತ್ತೈದು ರೂಪಾಯಿ ಅಸಲು

ತೊಂಬತ್ತರ ದಶಕದಲ್ಲಿ ನಾನು ಮೊಳಕಾಲ್ಮುರಿನ ಬ್ಯಾಂಕೊಂದರಲ್ಲಿ ಗುಮಾಸ್ತೆಯಾಗಿದ್ದೆ. ಮನೆ ಚಳ್ಳಕೆರೆಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಬೆಳಗ್ಗೆ ಬಸ್ಸು ತಳಕು ದಾಟುವ ಹೊತ್ತಿಗೇ ನನ್ನ ಸಿಟ್ಟು ನೆತ್ತಿಗೇರಿರುತ್ತಿತ್ತು. ಕೌಂಟರಿನಲ್ಲಿ ಯಾರಾದರೂ ಒಂದರ ಮೇಲೊಂದು ಪ್ರಶ್ನೆ ಕೇಳಿದರೆ ಸಿಡುಕುತ್ತಿದ್ದೆ. ಹೆಮ್ಮೆಯಿಂದ ಹೇಳುತ್ತಿಲ್ಲ. ಆಗಿದ್ದು ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು.

ಅಲ್ಲಿಗೆ ಒಬ್ಬ ರೇಷ್ಮೆ ಸೀರೆ ನೇಕಾರ ಬರುತ್ತಿದ್ದ. ಮನೆ ಕಟ್ಟಲು ಐವತ್ತು ಸಾವಿರ ಸಾಲ ತೆಗೆದಿದ್ದ. ವರ್ಷಕ್ಕೆ ಶೇಕಡಾ ಹದಿನೈದರ ಬಡ್ಡಿ, ಹದಿನೈದು ವರ್ಷದ ವಾಯಿದೆ, ತಿಂಗಳಿಗೆ ಏಳುನೂರು ರೂಪಾಯಿ ಕಂತು. ಮೊದಲ ಕಂತು ಕಟ್ಟಿದ ದಿನವೇ ಕೇಳಿದ್ದ.

"ಅಮ್ಮಾ, ಸಾಲ ಹೆಂಗೆ ಕಮ್ಮಿ ಆಗುತ್ತೆ?"

ಅವನ ಹಿಂದೆ ಉದ್ದ ಸಾಲಿತ್ತು. ನಾನು ತಲೆಯೆತ್ತಲಿಲ್ಲ. "ಹದಿನೈದು ವರ್ಷ ಅಲ್ವೇನ್ರಿ? ವರ್ಷಕ್ಕೊಂದು ಪಾಲು ಹೋಗುತ್ತೆ. ಮುಂದೆ ಬನ್ರಿ," ಅಂದುಬಿಟ್ಟೆ. ತಪ್ಪು ಅಂತ ನನಗೆ ಗೊತ್ತಿತ್ತು. ಸರಿಯಾದದ್ದನ್ನು ಹೇಳಲು ಐದು ನಿಮಿಷ ಬೇಕಿತ್ತು, ಅಷ್ಟೆ.

ಐದು ವರ್ಷ ಅವನು ಒಂದು ಕಂತೂ ತಪ್ಪಿಸಲಿಲ್ಲ. ಅರವತ್ತನೆಯ ಕಂತು ಕಟ್ಟಿದ ದಿನ ಹೊಸ ಅಂಗಿ ತೊಟ್ಟು ಬಂದಿದ್ದ. ಸಾಲದ ಬಾಕಿ ಎಷ್ಟೆಂದು ಬ್ಯಾಂಕಿನಿಂದ ಕಾಗದ ಬೇಕಂತೆ. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗ ತುಳಿದೂ ತುಳಿದೂ ಮಂಡಿ ಊದಿಕೊಂಡಿದ್ದವು. ಇನ್ನು ಮಗ್ಗ ಬಿಡಲೇಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮನೆಯನ್ನು ಎಂಬತ್ತು ಸಾವಿರಕ್ಕೆ ಮಾತಾಡಿದ್ದ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಸಣ್ಣ ಅಂಗಡಿ ಬಾಡಿಗೆಗೆ ಗೊತ್ತು ಮಾಡಿದ್ದ. ಮನೆ ಕೊಳ್ಳುವವರು ಕೊಟ್ಟ ಮುಂಗಡ ಐದು ಸಾವಿರವನ್ನು ಅಂಗಡಿಯ ಮಾಲೀಕರಿಗೆ ಕೊಟ್ಟಾಗಿತ್ತು.

"ಐದು ವರ್ಷ ಅಂದ್ರೆ ಮೂರರಲ್ಲಿ ಒಂದು ಪಾಲು ಹೋಗೈತೆ," ಎಂದು ಬೆರಳು ಮಡಿಚಿದ. "ಬ್ಯಾಂಕಿಗೆ ಮೂವತ್ಮೂರು ಸಾವಿರ ಚಿಲ್ಲರೆ. ನನಗೆ ನಲವತ್ತಾರೂವರೆ ಉಳಿತೈತೆ. ಅಂಗಡಿ ಡಿಪಾಜಿಟ್ಟು ಮೂವತ್ತು, ಸಾಮಾನು ಹದಿನೈದು. ಸರಿಹೋಗುತ್ತೆ ಬಿಡ್ರಿ."

ನಾನು ಲೆಡ್ಜರು ತೆಗೆದೆ. ಬಾಕಿ ನಲವತ್ತಮೂರು ಸಾವಿರದ ಮುನ್ನೂರ ಐವತ್ತೇಳು.

ಅವನು ಐದು ವರ್ಷದಲ್ಲಿ ಕಟ್ಟಿದ್ದು ನಲವತ್ತೆರಡು ಸಾವಿರ. ಕಟ್ಟಿದ್ದಕ್ಕಿಂತ ಬಾಕಿಯೇ ಹೆಚ್ಚು. ಅಂಕಿಯನ್ನು ಅವನಿಗೆ ಓದಿ ಹೇಳಿದೆ.

"ಬೇರೆಯೋರ ಪುಟ ನೋಡ್ತಿದೀರೇನೋ ಅಮ್ಮಾ," ಅಂದ ಮೆಲ್ಲಗೆ.

ಅವನನ್ನು ಒಳಗೆ ಕರೆದು ಕುರ್ಚಿ ಹಾಕಿದೆ. ಐದು ವರ್ಷದ ಹಿಂದೆ ಕೊಡದ ಐದು ನಿಮಿಷವನ್ನು ಅವತ್ತು ಕೊಟ್ಟೆ. ಬಡ್ಡಿ ಪ್ರತಿ ತಿಂಗಳೂ ಆಗ ಉಳಿದಿರುವ ಅಸಲಿನ ಮೇಲೆ ಬೀಳುತ್ತದೆ. ಮೊದಲ ತಿಂಗಳು ಐವತ್ತು ಸಾವಿರವೂ ಉಳಿದಿತ್ತು. ಅದರ ಬಡ್ಡಿ ಆರುನೂರ ಇಪ್ಪತ್ತೈದು. ಏಳುನೂರರಲ್ಲಿ ಮೊದಲು ಅದು ಹೋಗಬೇಕು. ಅಸಲಿಗೆ ಸೇರಿದ್ದು ಎಪ್ಪತ್ತೈದು ರೂಪಾಯಿ. ಮರುತಿಂಗಳು ಅಸಲು ಎಪ್ಪತ್ತೈದು ಕಮ್ಮಿ, ಆದ್ದರಿಂದ ಬಡ್ಡಿ ಒಂದು ರೂಪಾಯಿ ಇಳಿಯಿತು, ಅಸಲಿಗೆ ಎಪ್ಪತ್ತಾರು ಹೋಯಿತು. ಮೊದಲನೇ ವರ್ಷ ಎಂಟು ಸಾವಿರದ ನಾನೂರು ಕಟ್ಟಿದರೂ ಅಸಲಿನಲ್ಲಿ ಸಾವಿರವೂ ಕರಗಿರಲಿಲ್ಲ.

"ಯಾವಾಗ ಸಮ ಆಗುತ್ತೆ?"

"ಹನ್ನೊಂದನೇ ವರ್ಷದಲ್ಲಿ. ಆಗ ಅರ್ಧ ಬಡ್ಡಿ, ಅರ್ಧ ಅಸಲು. ಅಲ್ಲಿಂದ ಮುಂದೆ ಅಸಲು ಬೇಗ ಬೇಗ ಕರಗುತ್ತೆ. ಕೊನೇ ಕಂತಿನಲ್ಲಿ ಬಡ್ಡಿ ಹತ್ತು ರೂಪಾಯಿಯೂ ಇರಲ್ಲ."

"ಅಷ್ಟೊತ್ತಿಗೆ ನನ್ನ ಕಾಲೇ ಇರಲ್ಲ," ಎಂದು ನಕ್ಕ. ಆಮೇಲೆ ನಗು ನಿಲ್ಲಿಸಿ, "ವರ್ಷಕ್ಕೊಂದು ಪಾಲು ಅಂತ ನೀವೇ ಹೇಳಿದ್ರಲ್ಲಮ್ಮಾ," ಅಂದ. ದೂರುವ ದನಿಯಲ್ಲಿ ಅಲ್ಲ. ನಾನು ಮರೆತಿರಬಹುದೆಂದು ನೆನಪು ಮಾಡಿಕೊಟ್ಟಂತೆ.

"ನಿಮ್ಮ ಮನೆ ಸಾಲಾನೂ ಹಿಂಗೇ ಏನಮ್ಮಾ?" ಎಂದು ಅವನೇ ಮತ್ತೆ ಕೇಳಿದ.

ನಾನು ಹೂಂ ಅಂದೆ. ಸುಳ್ಳು. ಸಿಬ್ಬಂದಿಯಾದ ನಮಗೆ ಕಡಿಮೆ ಬಡ್ಡಿ. ಅದೂ ಕಂತೆಲ್ಲ ಮೊದಲು ಅಸಲಿಗೆ ಹೋಗಿ, ಅಸಲು ತೀರಿದ ಮೇಲೆ ಬಡ್ಡಿ ಹಿಡಿಯುತ್ತಿದ್ದರು. ಅವನ ಮುಖ ನೋಡುತ್ತಾ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಲೆಕ್ಕ ಈಗ ಹೀಗಾಯಿತು: ಮನೆ ಮಾರಿದರೆ ಕೈಗೆ ಸಿಗುವುದು ಮೂವತ್ತಾರೂವರೆ ಸಾವಿರ. ಡಿಪಾಜಿಟ್ಟು ಕೊಟ್ಟರೆ ಸಾಮಾನಿಗಿಲ್ಲ, ಸಾಮಾನು ತಂದರೆ ಅಂಗಡಿಯೇ ಇಲ್ಲ. ಸುಮಾರು ಎಂಟೂವರೆ ಸಾವಿರ ಕಡಿಮೆ. ಅಷ್ಟನ್ನು ಅವನಿಗೆ ಕೊಡಬಲ್ಲವರು ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾಹುಕಾರರೊಬ್ಬರೇ. ಅವರ ಹತ್ತಿರ ತೆಗೆದರೆ ಅದು ತೀರುವ ತನಕ ಅವರ ಮಗ್ಗ ಬಿಡುವಂತಿಲ್ಲ. ಮಗ್ಗ ಬಿಡುವುದಕ್ಕೆಂದೇ ಮನೆ ಮಾರಲು ಹೊರಟವನು ಅವನು. ಮಾರುವುದನ್ನು ಕೈಬಿಟ್ಟ. ಈಗ ಮನೆಗೆ ಮುಂಗಡ ಕೊಟ್ಟಿದ್ದವರಿಗೆ ಐದು ಸಾವಿರ ಹಿಂದಿರುಗಿಸಬೇಕಿತ್ತು.

"ನೀವೊಂಚೂರು ನಂಜೊತೆ ಬರ್ತೀರಾ ಅಮ್ಮಾ? ಬ್ಯಾಂಕಿನೋರು ಒಂದು ಮಾತು ಹೇಳಿದ್ರೆ ಅಂಗಡಿಯೋರು ದುಡ್ಡು ವಾಪಸ್ ಕೊಟ್ಟಾರು."

ಸಂಜೆ ಒಂದೇ ಬಸ್ಸಿನಲ್ಲಿ ಬಂದೆವು. ಅವನು ದಾರಿಯುದ್ದಕ್ಕೂ ಮಂಡಿ ನೀವಿಕೊಳ್ಳುತ್ತಿದ್ದ. ಚಳ್ಳಕೆರೆಯಲ್ಲಿ ಅಂಗಡಿಯ ಮಾಲೀಕರು ತಮ್ಮ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ನೋಡುತ್ತಾ ಕೂತಿದ್ದರು. ಕೆಟ್ಟ ಮನುಷ್ಯರಲ್ಲ. ನಮಗೆ ಟೀ ತರಿಸಿ ಎಲ್ಲ ಕೇಳಿಸಿಕೊಂಡರು. ನಾನು ಬಾಕಿಯ ಕಾಗದ ತೋರಿಸಿದೆ.

"ಅಲ್ಲಯ್ಯಾ, ಮೂವತ್ಮೂರು ಅಂತ ನಿನಗೆ ಹೇಳಿದೋರು ಯಾರು? ಬ್ಯಾಂಕಿನೋರು ಹಂಗಂದಿದ್ರೆ ಮಾತು ಬೇರೆ, ನಾನು ಪೂರ್ತಿ ಕೊಡ್ತೀನಿ. ನಿನ್ನಷ್ಟಕ್ಕೆ ನೀನೇ ಲೆಕ್ಕ ಹಾಕ್ಕೊಂಡು ಬಂದಿದ್ರೆ, ಎರಡು ತಿಂಗಳು ನನ್ನ ಅಂಗಡಿ ಖಾಲಿ ಬಿದ್ದೈತಲ್ಲ, ಅದನ್ನ ಯಾರು ಕೊಡ್ತಾರೆ?"

ಬಾಯಿ ಬಿಡಬೇಕಾದದ್ದು ನಾನು. ಒಂದೇ ಮಾತು ಸಾಕಿತ್ತು. ಆದರೆ ಬ್ಯಾಂಕಿನವಳೇ ತಪ್ಪು ಹೇಳಿದಳೆಂದು ನಾಳೆ ಮಿಲ್ಲಿನಲ್ಲಿ ಹಬ್ಬಿ, ನಾಡಿದ್ದು ನಮ್ಮ ಮ್ಯಾನೇಜರ ಕಿವಿಗೆ ಬಿದ್ದರೆ? ನಾನು ಟೀ ಲೋಟ ನೋಡುತ್ತಾ ಕೂತೆ.

ಅವನು ನನ್ನ ಕಡೆ ತಿರುಗಲೇ ಇಲ್ಲ. "ಯಾರೂ ಹೇಳಿಲ್ರಿ," ಅಂದ. "ನನ್ನ ಲೆಕ್ಕಾನೇ ತಪ್ಪು."

ಮಾಲೀಕರು ಎರಡು ಸಾವಿರ ಹಿಡಿದುಕೊಂಡು ಮೂರು ಸಾವಿರ ಎಣಿಸಿ ಕೊಟ್ಟರು. ಉಳಿದ ಎರಡು ಸಾವಿರಕ್ಕೆ ಅವನು ಸಾಹುಕಾರರ ಮನೆಗೇ ಹೋದನೆಂದು ಆಮೇಲೆ ತಿಳಿಯಿತು. ಆ ಎರಡು ಸಾವಿರವನ್ನು ನಾನು ಕೊಡಬಹುದಿತ್ತು. ಕೊಡಲಿಲ್ಲ. ಕೊಟ್ಟರೆ ತಪ್ಪು ಒಪ್ಪಿಕೊಂಡಂತಾಗುತ್ತದೆಂದು ಹೆದರಿದೆ. ನಾಚಿಕೆಗೇಡು ಅಂದರೆ ಇದೇ.

ಮುಂದಿನ ತಿಂಗಳು ಅದೇ ತಾರೀಖಿಗೆ ಗೋಡೆ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಿ ಬಂದ. ಏಳುನೂರು ರೂಪಾಯಿ ಕೊಟ್ಟ. ನಾನು ರಸೀದಿ ಬರೆದೆ.

"ಈ ಸಲ ಅಸಲಿಗೆ ಎಷ್ಟು ಹೋಯ್ತಮ್ಮಾ?"

"ನೂರ ಐವತ್ತೆಂಟು."

ಅವನು ರಸೀದಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ನನಗೆ ಸಮಾಧಾನ ಹೇಳುವವನ ಹಾಗೆ, "ಎಪ್ಪತ್ತೈದರಿಂದ ಮೇಲಕ್ಕೆ ಬಂದೈತಲ್ಲಮ್ಮಾ, ಬಿಡ್ರಿ," ಎಂದು ಹೇಳಿ, ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಮಗ್ಗಕ್ಕೆ ಹೋದ.