ಬೈರಣ್ಣನ ಒಂದು ವರ್ಷದ ಕಾಗದ

ಹಾರ ಹಾಕುವುದನ್ನು ಗುಂಡಣ್ಣ ಕಲಿತಿದ್ದ. ಹಾಕಿದ ಹಾರ ವಾಪಸ್ಸು ತೆಗೆಯುವುದು ಹೇಗೆಂದು ಯಾವ ಯೂನಿಯನ್ನಿನಲ್ಲೂ ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

೧೯೬೨ರ ಮಾತು. ಯಡಿಯೂರಿನಾಚೆಯ ಎರಕದ ಕಾರ್ಖಾನೆಯ ಗೇಟಿನ ಮುಂದೆ ಮುನ್ನೂರು ಜನ ನಿಂತಿದ್ದರು. ಯೂನಿಯನ್ನಿನ ಜಂಟಿ ಕಾರ್ಯದರ್ಶಿ ಗುಂಡಣ್ಣ ಸ್ಟೂಲಿನ ಮೇಲೆ ಹತ್ತಿ, ಕೈಗಾರಿಕಾ ನ್ಯಾಯಮಂಡಳಿಯ ತೀರ್ಪನ್ನು ತಾನೇ ಬರೆದವನ ಹಾಗೆ ಸಾರಿದ: ಐವತ್ತೈದಕ್ಕೆ ನಿವೃತ್ತಿ ಎನ್ನುವ ನಿಯಮ ಬರುವ ಮೊದಲೇ ಕೆಲಸಕ್ಕೆ ಸೇರಿದವರ ಮೇಲೆ ಅದನ್ನು ಹೇರುವುದು ನ್ಯಾಯವಲ್ಲ; ಅವರು ಅರವತ್ತರವರೆಗೆ ಇರಬಹುದು. ಆಮೇಲೆ ಸೇರಿದವರಿಗೆ ಐವತ್ತೈದೇ. ವ್ಯಾಜ್ಯ ನಡೆಯುವಾಗ ಮನೆಗೆ ಹೋದ ನಾಲ್ವರು ಹಿರಿಯರು ನಾಳೆಯಿಂದ ಒಳಗೆ! ಒಬ್ಬೊಬ್ಬರಿಗೂ ಚೆಂಡುಹೂವಿನ ಹಾರ ಬಿತ್ತು. ಕೊನೆಯ ಹಾರ ಬೈರಣ್ಣನಿಗೆ.

ಟೈಂ ಆಫೀಸಿನ ತಿರುಮಲೇಶ ಗುಂಡಣ್ಣನ ಪಂಚೆ ಜಗ್ಗಿದ. "ಸಾರ್, ತೀರ್ಪಲ್ಲಿ ಮೂರೇ ಹೆಸರಿರೋದು. ಬೈರಣ್ಣಂದಿಲ್ಲ. ಕೊನೇ ಪುಟ ಓದ್ಲಿಲ್ವಾ?"

ಓದಿರಲಿಲ್ಲ. ಅಷ್ಟರಲ್ಲಿ ಹೂವಿನಂಗಡಿಗೆ ಓಡಿದ್ದ.

ಬೈರಣ್ಣ ಎರಕಕ್ಕೆ ಮರಳಿನ ಅಚ್ಚು ಕಟ್ಟುವವನು. ಮುಷ್ಟಿ ಮರಳು ಹಿಂಡಿ ನೋಡಿ, "ಇನ್ನೊಂದು ಚೊಂಬು ನೀರು" ಎಂದರೆ ಇಂಜಿನಿಯರೂ ಎದುರಾಡುತ್ತಿರಲಿಲ್ಲ. ೧೯೩೪ರಲ್ಲಿ ಸೇರಿದಾಗ ಗುಮಾಸ್ತ ಅವನ ಮುಖ ನೋಡಿ ಇಪ್ಪತ್ತೊಂಬತ್ತು ಎಂದು ಬರೆದುಕೊಂಡಿದ್ದ. ಅಂದಿನಿಂದ ದಿನವೂ ಜರಗನಹಳ್ಳಿಯಿಂದ ನಡೆದು ಬರುವುದು, ನಡೆದು ಹೋಗುವುದು. ಆಗ ನಿವೃತ್ತಿಯ ವಯಸ್ಸೆಂಬುದೇ ಇರಲಿಲ್ಲ. ಕೈ ನಡುಗಿದವನು ತಾನೇ ಮನೆಗೆ ಹೋಗುತ್ತಿದ್ದ. ಬೈರಣ್ಣನ ಕೈ ನಡುಗಿರಲಿಲ್ಲ. ಆದರೆ ೧೯೫೯ರಲ್ಲಿ ಐವತ್ತೈದಕ್ಕೆ ನಿವೃತ್ತಿ ಎನ್ನುವ ಸ್ಟ್ಯಾಂಡಿಂಗ್ ಆರ್ಡರ್ ಬಂತು, ಮರುವರ್ಷ ಅವನಿಗೆ ದಾಖಲೆಯ ಪ್ರಕಾರ ಐವತ್ತೈದೂ ಆಯಿತು.

ಅದೇ ವಾರ ಅವನಿಗೂ ಅವನ ಓರಗೆಯ ಗುರುಬಸಪ್ಪನಿಗೂ ಕಂಪನಿಯಿಂದ ಒಂದೊಂದು ಇಂಗ್ಲಿಷ್ ಕಾಗದ ಸಿಕ್ಕಿತು. ಇಂಗ್ಲಿಷ್ ಬಲ್ಲ ಪಂಡಿತನೆಂದು ಹೆಸರಾಗಿದ್ದವನು ಗುಂಡಣ್ಣ. ಅರ್ಧ ಪುಟ ಓದಿ ಮಡಚಿದ.

"ಒಂದು ವರ್ಷ ಎಕ್ಸ್‌ಟೆನ್ಶನ್ ಕೊಟ್ಟವ್ರೆ ಬೈರಣ್ಣ. ಹಾಕಿ ಸಹಿ."

"ಇಲ್ಲಿ ರಿಟೈರ್ ಅಂತ ಇದ್ದಂಗದೆ, ಗುಂಡಣ್ಣೋರೆ?" ಆ ಒಂದು ಪದದ ಆಕಾರ ಕಾರ್ಖಾನೆಯಲ್ಲಿ ಎಲ್ಲರಿಗೂ ಗುರುತಾಗಿಹೋಗಿತ್ತು.

"ಅದೆಲ್ಲ ಶಾಸ್ತ್ರಕ್ಕೆ. ಎರಡೂ ಒಂದೇ."

ಎರಡೂ ಒಂದೇ ಆಗಿರಲಿಲ್ಲ. ಎಕ್ಸ್‌ಟೆನ್ಶನ್ ಆದರೆ ಹಳೆಯ ನೌಕರಿಯೇ ಮುಂದುವರಿಯುತ್ತದೆ. ಕಾಗದದಲ್ಲಿದ್ದದ್ದು ಮರುನೇಮಕ: ನಾನು ಸ್ವಇಚ್ಛೆಯಿಂದ ನಿವೃತ್ತನಾಗಿದ್ದೇನೆ, ನನ್ನ ಬಾಬ್ತು ಚುಕ್ತಾ ಆಗಿದೆ, ಹಳೆಯ ನೌಕರಿಯ ಮೇಲೆ ನನ್ನ ಹಕ್ಕೇನೂ ಉಳಿದಿಲ್ಲ, ಇಂದಿನಿಂದ ಒಂದು ವರ್ಷಕ್ಕೆ ಹೊಸ ಆಳು. ಇಪ್ಪತ್ತಾರು ವರ್ಷದ ಬೈರಣ್ಣ ಒಂದು ರುಜುವಿಗೆ ಒಂದು ದಿನದ ಬೈರಣ್ಣನಾದ. ಗುರುಬಸಪ್ಪ ಹಟಮಾರಿ. "ನಾನು ರಿಟೈರೇ ಆಗಿಲ್ಲ, ಮತ್ತೆ ಸೇರ್ಸ್ಕೊಳೋದೆಂಥದು?" ಎಂದು ಕಾಗದ ಮೇಜಿನ ಮೇಲೇ ಬಿಟ್ಟು ಬಂದಿದ್ದ. ತಮ್ಮ ಸರದಿ ಬಂದಾಗ ಇನ್ನಿಬ್ಬರು ಹಿರಿಯರೂ ಹಾಗೇ ಮಾಡಿದರು; ಮೂವರನ್ನೂ ಕಂಪನಿ ಹೊರಗೆ ಹಾಕಿತು. ಬೆಪ್ಪುಗಳು ಎಂದು ಅವರನ್ನು ನೋಡಿ ನಕ್ಕವನೂ ಗುಂಡಣ್ಣನೇ.

ವರ್ಷ ಮುಗಿಯಿತು. ಮುಂದುವರಿಸುವುದು ಬಿಡುವುದು ಕಂಪನಿಯ ಮರ್ಜಿ, ಕಂಪನಿ ಬಿಟ್ಟಿತು. ಈಗ ತೀರ್ಪಿನ ಕೊನೇ ಪುಟ ಹೇಳುತ್ತಿದ್ದದ್ದೂ ಅದೇ: ಒತ್ತಾಯದಿಂದ ಹೊರಬಿದ್ದವರು ವಾಪಸ್ಸು, ಒಪ್ಪಿ ನಿವೃತ್ತನಾದವನಿಗೆ ಈ ಪ್ರಯೋಜನವಿಲ್ಲ.

ಗೇಟಿನ ಮುಂದೆ ಗುಂಡಣ್ಣ ಸ್ಟೂಲಿನಿಂದ ಇಳಿದ. ಇದನ್ನು ಬೈರಣ್ಣನಿಗೆ ತಿರುಮಲೇಶನೇ ಹೇಳಿದ. ಬೈರಣ್ಣ ಕೇಳಿಸಿಕೊಂಡು, ತಾನೇ ಹಾರ ತೆಗೆದು ಸ್ಟೂಲಿನ ಮೇಲಿಟ್ಟು, ಮನೆಯ ಕಡೆ ಕನಕಪುರ ರಸ್ತೆ ಹಿಡಿದ.

ಗುಂಡಣ್ಣ ವಕೀಲರ ಹತ್ತಿರ ಓಡಿದ. "ಯಾರ್ರೀ ಓದಿ ಹೇಳಿದ್ದು?" ಎಂದರು ಅವರು. ಗುಂಡಣ್ಣ ಕನ್ನಡಕ ಒರೆಸಿಕೊಂಡ. "ಮೋಸ ಮಾಡಿ ರುಜು ಹಾಕ್ಸಿದ್ರು ಅನ್ನೋಣ ಅಂದ್ರೆ, ಓದಿ ಹೇಳ್ದೋರೇ ಯೂನಿಯನ್ನೋರು. ಏನೂ ಮಾಡಕ್ಕಾಗಲ್ಲ," ಎಂದರು ವಕೀಲರು.

ಭಾನುವಾರ ಗುಂಡಣ್ಣ ಜರಗನಹಳ್ಳಿಗೆ ಹೋದ. ಬೈರಣ್ಣನ ಹೆಂಡತಿ ನಾರಾಯಣಮ್ಮ ಅವನನ್ನು ನೋಡಿ ಒಳಗೆ ಹೋಗಿ, ಕಾಫಿ ತಂದು ಜಗಲಿಯ ಮೇಲೆ ಕುಕ್ಕಿದಳು. ಬೈಗುಳ ತಿನ್ನಲು ತಯಾರಾಗಿ ಬಂದವನು ಕಾಫಿ ಲೋಟ ಹಿಡಿದು ಕೂತ. ಬೈರಣ್ಣ ಹಗ್ಗ ಹೊಸೆಯುತ್ತಿದ್ದ. ಕಟ್ಟಲು ಆ ಮನೆಯಲ್ಲಿ ದನವಿರಲಿಲ್ಲ.

"ತಪ್ಪು ನಂದು ಬೈರಣ್ಣ. ನಾಲ್ಕು ಬೈದುಬಿಡಿ."

ಬೈರಣ್ಣ ಹಗ್ಗಕ್ಕೆ ಇನ್ನೊಂದು ಎಳೆ ಸೇರಿಸಿದ.

"ಗುರುಬಸಪ್ಪ ಬರ್ತಾವ್ನಾ ಕೆಲ್ಸಕ್ಕೆ?"

"ಬರ್ತಾ ಇದಾರೆ. ಅರುವತ್ತೈದನೇ ಇಸ್ವಿವರೆಗೂ ಇರ್ತಾರೆ." ಗುಂಡಣ್ಣ ತಡವರಿಸಿದ. "ಮುಂದೆ ಏನ್ ಮಾಡ್ಬೇಕು ಅಂತ ಇದೀರಾ?"

ಬೈರಣ್ಣ ಹಗ್ಗದ ಹುರಿ ಬಿಗಿ ಮಾಡಿದ.

"ಏನಿಲ್ಲ. ಅರವತ್ತಾಗೋಗಂಟ ಕಾಯ್ತೀನಿ. ಆಮೇಲೆ ಗುರುಬಸಪ್ಪನ ಜೊತೇಲಿ ರಿಟೈರ್ ಆಯ್ತೀನಿ."