ಫೋಟೋದಲ್ಲಿ ಕಾಣದ ಗೋಡೆಯ ತುದಿ

ಕುಂದಲಹಳ್ಳಿಯ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿಯಾಗಿದ್ದ ವರ್ಷದ ಮಾತು. ಹಿಂದಿನ ಕಾಂಪೌಂಡ್ ಗೋಡೆಯ ಆಚೆ ಹೊಸ ಕಟ್ಟಡ ಏಳುತ್ತಿತ್ತು. ಅಲ್ಲಿ ದುಡಿಯಲು ಕೊಪ್ಪಳದ ಕಡೆಯಿಂದ ಬಂದವರು ಗೋಡೆಗೆ ಅಂಟಿಕೊಂಡಂತೆ ತಗಡಿನ ಶೆಡ್ ಹಾಕಿಕೊಂಡಿದ್ದರು. ಅವರಲ್ಲೊಬ್ಬ ಹೆಂಗಸು ಬೆಳಿಗ್ಗೆ ನಮ್ಮಲ್ಲಿ ಮೆಟ್ಟಿಲು ಒರೆಸಲು ಬರುತ್ತಿದ್ದಳು. ದೊಡ್ಡ ಮಳೆಯಾದ ಮರುದಿನ ಬಂದವಳೇ, "ಅಕ್ಕಾರ, ಗ್ವಾಡಿ ನಮ್ಮ ಕಡೆ ವಾಲೇತ್ರಿ. ಮಕ್ಕಳ್ನ ಒಳಗ ಮಲಗಸಾಕ ಅಂಜಿಕಿ ಆಗತೈತಿ" ಅಂದಳು.

ಗೋಡೆಯ ಆಚೆ ಹೋಗಿ ನೋಡಿದೆ. ಬಲತುದಿಯಲ್ಲಿ ಗೋಡೆ ಉಬ್ಬಿ ಹೊರಕ್ಕೆ ಬಾಗಿತ್ತು. ಇಡೀ ಗೋಡೆ ಕಾಣಲಿ ಎಂದು ಪನೋರಮಾ ಇಟ್ಟು, ಫೋನನ್ನು ನಿಧಾನವಾಗಿ ತಿರುಗಿಸಿ ಒಂದೇ ಉದ್ದನೆಯ ಫೋಟೋ ತೆಗೆದೆ. ನಿರ್ವಹಣಾ ಕಂಪನಿಯ ಆ್ಯಪ್‌ನಲ್ಲಿ ದೂರಿನ ಜೊತೆ ಹಾಕಿದೆ. ಸಂಜೆ ನೋಡಿದರೆ ಕಂಪನಿಯ ಎಂಜಿನಿಯರ್ ದೂರು ಮುಚ್ಚಿಬಿಟ್ಟಿದ್ದರು. ಫೋನ್ ಮಾಡಿದರೆ, ಗೋಡೆ ನೆಟ್ಟಗೇ ಇದೆ ಅಂದರು.

ಅವರಿಗೆ ಕಾಣುತ್ತಿರುವುದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ ಎಂದು ಕೇಳಿಕೊಂಡೆ. ಆ್ಯಪ್ ನನ್ನ ಉದ್ದನೆಯ ಫೋಟೋದ ನಡುಭಾಗವನ್ನಷ್ಟೇ ಚೌಕವಾಗಿ ಉಳಿಸಿಕೊಂಡು ಎರಡೂ ತುದಿಗಳನ್ನು ಕತ್ತರಿಸಿತ್ತು. ಬಾಗಿದ ಭಾಗ ಅವರಿಗೆ ತಲುಪಿಯೇ ಇರಲಿಲ್ಲ.

ಅದೇ ಫೋಟೋವನ್ನು ಕಂಪ್ಯೂಟರಿನಿಂದ ಅವರ ವೆಬ್‌ಸೈಟಿಗೆ ಹಾಕಿದೆ. ಈ ಸಲ ಏನೂ ಕತ್ತರಿಸಲಿಲ್ಲ. ಬದಲಿಗೆ ಇಡೀ ಗೋಡೆಯನ್ನು ಅಕ್ಕಪಕ್ಕದಿಂದ ಒತ್ತಿ ಚೌಕಟ್ಟಿನೊಳಗೆ ತುರುಕಿತ್ತು. ಶೆಡ್ಡುಗಳು ಕಡ್ಡಿಯಂತೆ ಸಣಕಲಾಗಿದ್ದವು. ಅಗಲ ಕುಗ್ಗಿದ್ದರಿಂದ ಗೋಡೆಯ ವಾಲಿಕೆಯೂ ಕುಗ್ಗಿ, ಅದು ಹೆಚ್ಚುಕಡಿಮೆ ನೇರವಾಗಿ ನಿಂತಂತೆ ಕಂಡಿತು. ಹೊರಗೆ ಮತ್ತೆ ಮೋಡ ಕವಿಯುತ್ತಿತ್ತು. ಗೋಡೆಯ ಆಚೆಯಿಂದ ಮಕ್ಕಳ ಸದ್ದು ಕೇಳಿಸುತ್ತಿತ್ತು. ನನಗೆ ಕೂರಲಾಗಲಿಲ್ಲ.

ಫೋನ್ ಹಿಡಿದು ಮತ್ತೆ ಓಡಿದೆ. ಆ ಹೆಂಗಸಿಗೆ, ಮಕ್ಕಳನ್ನು ಕರೆದುಕೊಂಡು ಎಲ್ಲರೂ ನಮ್ಮ ಸಂಘದ ಹಾಲ್‌ಗೆ ಬನ್ನಿ ಎಂದೆ. ಪನೋರಮಾ ಬಿಟ್ಟು ಕ್ಯಾಮೆರಾವನ್ನು ಚೌಕಕ್ಕೆ ಬದಲಿಸಿಕೊಂಡೆ. ಉಬ್ಬಿದ ಜಾಗ ನಟ್ಟನಡುವೆ ಬರುವಂತೆ ಒಂದು, ಗೋಡೆಯ ಪಕ್ಕದಿಂದ ವಾಲಿಕೆ ಕಾಣುವಂತೆ ಇನ್ನೊಂದು, ಕೆಳಗಿನ ಶೆಡ್ ಸೇರಿಸಿ ಮತ್ತೊಂದು ತೆಗೆದೆ. ಮೂರನ್ನೂ ಬಿಡಿಬಿಡಿಯಾಗಿ ಆ್ಯಪ್‌ಗೆ ಹಾಕಿ, ಹೋದ ಮೇಲೆ ಹೇಗೆ ಕಾಣುತ್ತವೆ ಎಂದು ತೆರೆದು ನೋಡಿದೆ. ಎಲ್ಲವೂ ಇದ್ದ ಹಾಗೇ ಇದ್ದವು.

ಎಂಜಿನಿಯರ್ ತಾವಾಗಿಯೇ ಫೋನ್ ಮಾಡಿದರು. ಅವರ ದನಿ ಬದಲಾಗಿತ್ತು.

"ಮೇಡಂ, ಅಲ್ಲಿ ಯಾರನ್ನೂ ಬಿಡ್ಬೇಡಿ. ನಾನು ಈಗ್ಲೇ ಬರ್ತೀನಿ."

ಮಳೆ ಶುರುವಾಗುವ ಹೊತ್ತಿಗೆ ಶೆಡ್‌ಗಳು ಖಾಲಿಯಾಗಿದ್ದವು. ಮರುದಿನ ಗೋಡೆ ಕೆಡವಲು ಜೆಸಿಬಿ ತರಿಸಿದರು. ಅದರ ಬಕೆಟ್ ಮುಟ್ಟಿತೋ ಇಲ್ಲವೋ, ಬಲತುದಿ ಶೆಡ್‌ಗಳ ಮೇಲೆ ಒರಗಿ ಬಿತ್ತು. ತಗಡು ಚಪ್ಪಟೆಯಾಯಿತು. ಆ ಹೆಂಗಸು ಕೈಕೂಸನ್ನು ಎತ್ತಿಕೊಂಡು ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಮೊಣಕೈ ಹಿಡಿದುಕೊಂಡಳು.